ಕಟಾನ್‌ನಾಗ ಮೊದಲ ಎರಡು ಮನಿ ಎಲ್ಲಿಡಬೇಕು?

ವಿಜಯಪುರದಾಗ ಗೆಳೆಯರ ಜೋಡಿ ಕಟಾನ್ ಅನ್ನೋ ಬೋರ್ಡ್ ಆಟ ಆಡ್ತೀವ್ರಿ. ಶುರುವಿನ ಎರಡು ಮನಿ ಎಲ್ಲಿ ಇಟ್ಟರ ಸರಕು ಹೆಚ್ಚು ಬರ್ತದ?

ಬೋರ್ಡಿನ ಮೂರು ತುಂಡು ಕೂಡುವ ಮೂಲೆಯಾಗ, ನಂಬರ್ ಬಿಲ್ಲೆಗಳ ಮೇಲಿನ ಸಣ್ಣ ಚುಕ್ಕೆಗಳನ್ನ ಕೂಡಿಸಿ, ಮೊತ್ತ ಹೆಚ್ಚಿರೋ ಕಡೆ ಇಡ್ರಿ. ಎರಡು ದಾಳ 36 ರೀತಿ ಬೀಳ್ತಾವ. ಅದರಾಗ 8 ಬರೋದು 5 ರೀತಿ, 12 ಬರೋದು ಒಂದೇ ರೀತಿ. ಚುಕ್ಕೆ ಹೇಳೋದು ಅದನ್ನೇ.

ಬರೇ 8 ಐತಿ ಅಂತ 8-3-12 ಮೂಲೆ ಹಿಡಿದರ 8 ಚುಕ್ಕೆ. 6-9-10ಕ್ಕ 12, ಅಂದ್ರ ಮೂರು ಸಲಕ್ಕ ಸರಾಸರಿ ಒಮ್ಮೆ ಸರಕು. ಎರಡನೇ ಮನಿಗೆ ಅವೇ ನಂಬರ್ ಬ್ಯಾಡ. 4-5-8 ಸಿಕ್ಕರ 36ರಾಗ 24 ರೀತಿಗೆ ಏನಾದ್ರೂ ಕೈಗೆ ಬರ್ತದ. ಆದರ ಎರಡೂ ಮನಿ ಸೇರಿ ಇಟ್ಟಿಗೆ, ಕಟ್ಟಿಗೆ ಕೊಡದಿದ್ದರ ರಸ್ತೆ ಹಾಕೋದು ಕಷ್ಟ ಆಗ್ತದ. ಅದಕ್ಕಾಗಿ ಒಂದೆರಡು ಚುಕ್ಕೆ ಬಿಡ್ರಿ.