ಒಂದೇ ಫೋಟೋದಿಂದ ಮುಂಭಾಗದ ಮಾಡೆಲ್: ಅಗಲ ಏಕೆ ಕಡಿಮೆ ಬರುತ್ತದೆ

ಪ್ರಶ್ನೆ: “ಕಟ್ಟಡದ ಮೂಲೆಯಿಂದ ತೆಗೆದ ಒಂದೇ ಫೋಟೋ ಇಟ್ಟುಕೊಂಡು ಸ್ಕೆಚ್‌ಅಪ್‌ನಲ್ಲಿ ಮುಂಭಾಗ ಬಿಡಿಸುತ್ತಿದ್ದೇನೆ. ಗೆರೆಗಳು ಫೋಟೋ ಮೇಲೆ ಸರಿಯಾಗಿಯೇ ಕೂರುತ್ತವೆ, ಬಾಗಿಲಿನ ಎತ್ತರ 2100 ಮಿ.ಮೀ. ಕೊಟ್ಟಿದ್ದೇನೆ. ಆದರೆ 10.4 ಮೀಟರ್ ಅಗಲದ ಗೋಡೆ 9.7 ಮೀಟರ್ ತೋರಿಸುತ್ತಿದೆ. ಎಡಗಡೆ ಬೇಡದ ಭಾಗವಿತ್ತು, 4000 ಪಿಕ್ಸೆಲ್ ಅಗಲದ ಫೋಟೋದಲ್ಲಿ 1000 ಪಿಕ್ಸೆಲ್ ಕತ್ತರಿಸಿದ್ದೆ, ಅಷ್ಟೇ.”

ತಪ್ಪು ಆ ಕತ್ತರಿಸಿದ ಭಾಗದಲ್ಲಿಯೇ ಇದೆ ಎಂಬುದು ನನ್ನ ನಿಶ್ಚಿತ ಅಭಿಪ್ರಾಯ. ಫೋಟೋದ ನಟ್ಟನಡುವಿನ ಬಿಂದುವೇ ಕ್ಯಾಮೆರಾ ನೇರವಾಗಿ ನೋಡುತ್ತಿದ್ದ ಬಿಂದು ಎಂದು ಸ್ಕೆಚ್‌ಅಪ್ ಭಾವಿಸಿಕೊಂಡು, ಮುಂಭಾಗಕ್ಕೆ ಹೊಂದಿಸುವ ಕೆಂಪು ಗೆರೆಗಳು ಕೂಡುವ ಬಿಂದು ಮತ್ತು ಪಕ್ಕದ ಗೋಡೆಗೆ ಹೊಂದಿಸುವ ಹಸಿರು ಗೆರೆಗಳು ಕೂಡುವ ಬಿಂದು ಆ ನಡುವಿನಿಂದ ಎಷ್ಟೆಷ್ಟು ದೂರದಲ್ಲಿವೆ ಎಂಬುದರಿಂದ ಲೆನ್ಸ್‌ನ ನೋಟದ ಕೋನವನ್ನು ಲೆಕ್ಕ ಹಾಕುತ್ತದೆ. ಎಡದಿಂದ 1000 ಪಿಕ್ಸೆಲ್ ಕತ್ತರಿಸಿದಾಗ ನಡುಬಿಂದು 500 ಪಿಕ್ಸೆಲ್ ಬಲಕ್ಕೆ ಸರಿದಿದೆ. ಗೆರೆಗಳು ಹಾಗಿದ್ದರೂ ಫೋಟೋ ಮೇಲೆ ಸರಿಯಾಗಿಯೇ ಕೂರುತ್ತವೆ, ಆದ್ದರಿಂದ ಕಣ್ಣಿಗೆ ತಪ್ಪು ಕಾಣುವುದಿಲ್ಲ.

ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದು ತೆಗೆದ ಫೋಟೋದಲ್ಲಿ ಒಂದು ಗೋಡೆಯ ಅಗಲ, ಆ ಗೋಡೆಯ ಗೆರೆಗಳು ಕೂಡುವ ಬಿಂದುವಿಗೂ ನಡುಬಿಂದುವಿಗೂ ಇರುವ ದೂರದ ವರ್ಗಮೂಲಕ್ಕೆ ಅನುಗುಣವಾಗಿ ಬದಲಾಗುತ್ತದೆ. ಮೂಲ ಫೋಟೋದಲ್ಲಿ ನಿಮ್ಮ ಮುಂಭಾಗದ ಬಿಂದು ನಡುವಿನಿಂದ ಬಲಕ್ಕೆ 4000 ಪಿಕ್ಸೆಲ್, ಪಕ್ಕದ ಗೋಡೆಯದು ಎಡಕ್ಕೆ 2000 ಪಿಕ್ಸೆಲ್ ದೂರದಲ್ಲಿತ್ತು ಎಂದುಕೊಳ್ಳೋಣ. ಕತ್ತರಿಸಿದ ಮೇಲೆ ಅವು 3500 ಮತ್ತು 2500 ಆಗುತ್ತವೆ. 3500ನ್ನು 4000ದಿಂದ ಭಾಗಿಸಿ ವರ್ಗಮೂಲ ತೆಗೆದರೆ 0.935 ಬರುತ್ತದೆ, 10.4 ಮೀಟರ್ ಆಗ 9.73 ಆಗುತ್ತದೆ, ಅಂದರೆ ಬಹುತೇಕ ನೀವು ಹೇಳಿದ ಅಳತೆಯೇ. ಇದೇ ಲೆಕ್ಕದಲ್ಲಿ ಪಕ್ಕದ ಗೋಡೆ ನೂರಕ್ಕೆ ಹನ್ನೆರಡರಷ್ಟು ಹೆಚ್ಚು ಉದ್ದವಾಗಿರಬೇಕು. ದಯವಿಟ್ಟು ಅದನ್ನೂ ಒಮ್ಮೆ ಅಳೆದು ನೋಡಿ. ಒಂದು ಗೋಡೆ ಕುಗ್ಗಿ ಇನ್ನೊಂದು ಹಿಗ್ಗಿದ್ದರೆ ನಡುಬಿಂದು ಸರಿದಿದೆ ಎಂದೇ ತಿಳಿಯಬೇಕು. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಬಾಗಿಲಿನ ಅಳತೆಯನ್ನು ಅನುಮಾನಿಸಿ.

ಮೂಲ ಫೋಟೋ ಇದ್ದರೆ ಅದನ್ನೇ `Camera > Match New Photo` ಮೂಲಕ ತೆರೆಯಿರಿ. ಇಲ್ಲವಾದರೆ ಯಾವುದಾದರೂ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಎಡಗಡೆಗೆ 1000 ಪಿಕ್ಸೆಲ್ ಖಾಲಿ ಜಾಗ ಸೇರಿಸಿ ಅಗಲವನ್ನು ಮತ್ತೆ 4000ಕ್ಕೆ ತನ್ನಿ. ಆ ಜಾಗದಲ್ಲಿ ಬರಿಯ ಬಿಳಿ ಬಣ್ಣವಿದ್ದರೂ ಸಾಕು, ನಡುಬಿಂದು ತನ್ನ ಜಾಗಕ್ಕೆ ಮರಳುತ್ತದೆ.

ಬಳಿಕ ಹಳದಿ ಮೂಲಬಿಂದುವನ್ನು ಎರಡು ಗೋಡೆಗಳು ಕೂಡುವ ಮೂಲೆಯ ಬುಡಕ್ಕೆ ಎಳೆಯಿರಿ. ಒಂದು ಕೆಂಪು ಪಟ್ಟಿಯನ್ನು ಮುಂಭಾಗದ ಮೇಲಂಚಿಗೂ ಇನ್ನೊಂದನ್ನು ಬುಡದ ಅಂಚಿಗೂ ಹೊಂದಿಸಿ. ಹತ್ತಿರ ಹತ್ತಿರದ ಎರಡು ಗೆರೆಗಳನ್ನು ಹಿಡಿದರೆ ತುದಿಯಲ್ಲಿ ಒಂದೆರಡು ಪಿಕ್ಸೆಲ್ ತಪ್ಪಿದರೂ ಕೂಡುವ ಬಿಂದು ಬಹಳ ದೂರ ಜಾರುತ್ತದೆ. ಹಸಿರು ಪಟ್ಟಿಗಳನ್ನು ಪಕ್ಕದ ಗೋಡೆಗೆ ಹೀಗೆಯೇ ಹೊಂದಿಸಿದ ಮೇಲೆ ನೀಲಿ ಗೆರೆಯನ್ನು ನೋಡಿ. ಅದು ಕಟ್ಟಡದ ನಿಂತ ಮೂಲೆಯ ಮೇಲೆ ಕೂರದಿದ್ದರೆ `Done` ಒತ್ತಬೇಡಿ. ಮುಂಭಾಗದ ಚೌಕವನ್ನೂ ಬಾಗಿಲನ್ನೂ ಬಿಡಿಸಿ, `Tape Measure` ಉಪಕರಣದಿಂದ ಬಾಗಿಲಿನ ಬುಡ ಮತ್ತು ತಲೆಯನ್ನು ಒತ್ತಿ `2100mm` ಎಂದು ಟೈಪ್ ಮಾಡಿದರೆ, ಇಡೀ ಮಾಡೆಲ್‌ನ ಅಳತೆ ಬದಲಿಸಬೇಕೇ ಎಂದು ಕೇಳುತ್ತದೆ. ಒಪ್ಪಿ, ತಕ್ಷಣ ಅಗಲವನ್ನು ಅಳೆಯಿರಿ. ಕಿಟಕಿಗಳನ್ನು ಬಿಡಿಸುವ ಕೆಲಸ 10.4 ಬಂದ ಮೇಲೆಯೇ.

ಇದೇ ಪ್ರಶ್ನೆಗೆ ಮೇಲೆ ಉತ್ತರಿಸಿದ ಒಬ್ಬರು, ಕೊನೆಯಲ್ಲಿ `Scale` ಉಪಕರಣದಿಂದ ಅಗಲವನ್ನು ಎಳೆದುಬಿಡಿ ಎಂದಿದ್ದಾರೆ. ತಪ್ಪು ಗೋಡೆಯುದ್ದಕ್ಕೂ ಒಂದೇ ಪ್ರಮಾಣದಲ್ಲಿ ಇರುವುದರಿಂದ ಅದು ಮುಗಿದ ಮುಂಭಾಗಕ್ಕೆ ನಿಜಕ್ಕೂ ಸಲ್ಲುತ್ತದೆ. ಆದರೆ ಎಳೆದ ಮೇಲೆ ಮಾಡೆಲ್ ಫೋಟೋಕ್ಕೆ ಹೊಂದುವುದಿಲ್ಲ, ಮುಂದೆ ಏನನ್ನೂ ಅದರ ಮೇಲೆ ಬಿಡಿಸಲಾಗದು. ಕಿಟಕಿ ಗೋಡೆಯೊಳಗೆ ಎಷ್ಟು ಸರಿದಿದೆ ಎಂಬ ಅಳತೆಯೂ ಹಸಿರು ದಿಕ್ಕಿನದಾದ್ದರಿಂದ ಹಿಗ್ಗಿದಂತೆಯೇ ಉಳಿಯುತ್ತದೆ. ನಿಂತ ಗೆರೆಗಳನ್ನು ಮೊಬೈಲ್‌ನಲ್ಲಿಯೇ ನೇರ ಮಾಡಿಕೊಳ್ಳಿ ಎಂಬ ಇನ್ನೊಬ್ಬರ ಸಲಹೆಯನ್ನು ನಾನು ಒಪ್ಪಲಾರೆ. ಅದರಿಂದಲೂ ನಡುಬಿಂದು ಸರಿಯುತ್ತದೆ, ಈ ಬಾರಿ ಮೇಲೆ ಕೆಳಗೆ.

ಇಲ್ಲಿ ಇನ್ನೊಬ್ಬರು ತಮ್ಮ ಗೇಟಿನ ಫೋಟೋವನ್ನು ನೇರ ಎದುರಿನಿಂದ ತೆಗೆದಿದ್ದಾರೆ, ಅವರ ಸಂಗತಿ ಬೇರೆ. ಅಲ್ಲಿ ಕೆಂಪು ಗೆರೆಗಳು ಎಲ್ಲಿಯೂ ಕೂಡುವುದಿಲ್ಲವಾದ್ದರಿಂದ ಈ ವಿಧಾನ ಕೆಲಸ ಮಾಡದು. ಫೋಟೋವನ್ನು ಬರಿಯ ಚಿತ್ರವಾಗಿ ತಂದು, ಅಳತೆಗೆ ಹೊಂದಿಸಿ, ಅದರ ಮೇಲೆ ಬಿಡಿಸಿದರೆ ಸಾಕು.

ಕಿಟಕಿಯ ಬಗ್ಗೆ ಒಂದು ಮಾತು: ಒಳಸರಿದ ಗಾಜಿನ ಅಂಚನ್ನು ಗೋಡೆಯ ಮೇಲೆಯೇ ಬಿಡಿಸಿದರೆ ಫೋಟೋದಲ್ಲಿ ಸರಿ ಕಾಣುತ್ತದೆ, ಮಾಡೆಲ್ ತಿರುಗಿಸಿದಾಗ ಕಿಟಕಿ ಪಕ್ಕಕ್ಕೆ ಸರಿದು ಕಿರಿದಾಗಿರುತ್ತದೆ. ಹೊರ ಅಂಚನ್ನು ಬಿಡಿಸಿ, ಒಳ ಅಂಚು ಫೋಟೋ ಮೇಲೆ ಕೂರುವವರೆಗೆ `Push/Pull` ಮಾಡಿ. ನಿಮ್ಮ ಪಕ್ಕದ ಗೋಡೆ ಫೋಟೋದಲ್ಲಿ ಎಷ್ಟು ಉದ್ದ ಕಾಣುತ್ತದೆ ಎಂಬುದನ್ನು ನೀವು ಬರೆದಿಲ್ಲ. ಅದು ತೀರಾ ಕಿರಿದಾಗಿದ್ದರೆ ಹಸಿರು ಪಟ್ಟಿಗಳೇ ನಂಬಲರ್ಹವಲ್ಲ, ಆಗ ಈ ತಿದ್ದುಪಡಿಯ ನಂತರವೂ ಅಗಲದಲ್ಲಿ ಸ್ವಲ್ಪ ವ್ಯತ್ಯಾಸ ಉಳಿಯಬಹುದು. ಹೊಸ ಅಳತೆ ಎಷ್ಟು ಬಂತೆಂದು ತಿಳಿಸಿ.