ಮೊದಲ ಐದು ವರ್ಷ: ಗೋಡೌನಿನ ಒಳಗೆ ಹೋಗು ತಂಗಿ

ಅಣ್ಣಾ, ಮನೆಯಲ್ಲಿ ಎಲ್ಲರ ಮುಂದೆ ಕೇಳಲು ಹಿಂಜರಿಕೆ. ಅದಕ್ಕೇ ನಿಮ್ಮ ಅಂಕಣಕ್ಕೆ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ. ಬ್ಯಾಂಕಿನಲ್ಲಿ ನನ್ನ ಪ್ರೊಬೇಷನ್ ಮುಗಿಯಿತು, ಈಗ ಸಿಂಧನೂರು ಕಡೆಯ ಒಂದು ಶಾಖೆಯಲ್ಲಿದ್ದೇನೆ. ಕ್ರೆಡಿಟ್ ಡೆಸ್ಕ್ ನೋಡಿಕೊಳ್ಳಿ ಎಂದು ಮ್ಯಾನೇಜರ್ ಹೇಳುತ್ತಿದ್ದಾರೆ. ಇನ್ನೊಂದು ಕಡೆ ಝೋನಲ್ ಆಫೀಸಿನ ಡಿಜಿಟಲ್ ವಿಭಾಗಕ್ಕೆ ಹೋಗುವ ಅವಕಾಶವೂ ಬಂದಿದೆ. ಸಾಲದ ಫೈಲಿಗೆ ಸಹಿ ಹಾಕಿದರೆ ಮುಂದೆ ಕುತ್ತಿಗೆಗೆ ಬರುತ್ತದೆ ಎಂದು ಬ್ಯಾಚಿನವರೆಲ್ಲ ಹೆದರಿಸುತ್ತಾರೆ. ಒಬ್ಬರು ಬ್ಯಾಂಕಿಂಗ್ ಪರೀಕ್ಷೆ ಸಿಎಐಐಬಿ ಬರಿ ಅನ್ನುತ್ತಾರೆ, ಇನ್ನೊಬ್ಬರು ಎಂಬಿಎ ಮಾಡು ಅನ್ನುತ್ತಾರೆ. ಮೊದಲ ಐದು ವರ್ಷದಲ್ಲಿ ನಾನು ಏನು ಕಲಿಯಬೇಕು? ತಿಂಗಳೊಳಗೆ ಉತ್ತರ ಕೊಡಬೇಕು.

– ನಿಮ್ಮ ತಂಗಿ

ತಂಗೀ,

ಕ್ರೆಡಿಟ್ ಡೆಸ್ಕ್ ತಗೋ. ಝೋನಲ್ ಆಫೀಸಿಗೆ ನಾಲ್ಕನೇ ವರ್ಷ ಹೋದರೂ ನಡೆಯುತ್ತದೆ. ಆದರೆ ಮೊದಲು ಅಲ್ಲಿಗೆ ಹೋದವರು ಆಮೇಲೆ ಈ ಮೇಜಿಗೆ ಬಂದು ಕಲಿತದ್ದನ್ನು ನಾನು ನೋಡಿದ್ದು ಕಡಿಮೆ. ಹುದ್ದೆಯ ಸ್ಕೇಲ್ ಏರಿದ ಮೇಲೆ ಗಿರಾಕಿಯ ಗೋಡೌನಿಗೆ ಕಳಿಸಲು ಕೆಳಗಿನವರು ಇರುತ್ತಾರೆ, ಅವರು ತಂದ ಕಾಗದ ನೋಡಿ ಸಹಿ ಹಾಕುವುದೇ ರೂಢಿಯಾಗಿಬಿಡುತ್ತದೆ. ಜೆಎಐಐಬಿ, ಸಿಎಐಐಬಿ ಎರಡನ್ನೂ ಬರಿ. ಇಂಕ್ರಿಮೆಂಟ್ ಬರುತ್ತದೆ, ಪ್ರಮೋಷನ್ನಿಗೂ ಅನುಕೂಲ. ರಾತ್ರಿ ಒಂದು ಗಂಟೆ ಓದಿದರೆ ಸಾಕು. ಅದಕ್ಕಾಗಿ ಕೆಲಸ ಆರಿಸಿಕೊಳ್ಳಬೇಕಿಲ್ಲ.

ಐದು ವರ್ಷದಲ್ಲಿ ಕಲಿಯಬೇಕಾದದ್ದು ಇಷ್ಟೇ: ಗಿರಾಕಿ ಕೊಟ್ಟ ಕಾಗದಕ್ಕೂ ಅವನ ಅಂಗಳದಲ್ಲಿ ಇರುವುದಕ್ಕೂ ಎಷ್ಟು ಅಂತರ ಇದೆ ಎಂದು ನೀನೇ ಅಳೆಯುವುದು. ನೀನಿರುವುದು ತುಂಗಭದ್ರಾ ಅಚ್ಚುಕಟ್ಟಿನಲ್ಲಿ. ನಿನ್ನ ಶಾಖೆಯಲ್ಲಿ ಅಕ್ಕಿ ಗಿರಣಿಯ ಸಿಸಿ ಅಕೌಂಟ್, ಅಂದರೆ ಗೋಡೌನಿನ ಮಾಲಿನ ಆಧಾರದ ಮೇಲೆ ಬೇಕಾದಾಗ ದುಡ್ಡು ತೆಗೆಯುವ ಕ್ಯಾಶ್ ಕ್ರೆಡಿಟ್ ಸಾಲ, ಇದ್ದೇ ಇರುತ್ತದೆ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಒಂದು ಗಿರಣಿಗೆ 60 ಲಕ್ಷದ ಲಿಮಿಟ್ ಇದೆ ಅಂದುಕೋ. ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ನಿನ್ನ ಮೇಜಿಗೆ ಬರುತ್ತದೆ. ಭತ್ತ 75 ಕೆಜಿಯ 2,000 ಚೀಲ, ಬೆಲೆ 36 ಲಕ್ಷ. ಅಕ್ಕಿ 1,200 ಕ್ವಿಂಟಾಲ್, ಬೆಲೆ 54 ಲಕ್ಷ. ಒಟ್ಟು 90 ಲಕ್ಷ. ಉದ್ರಿ ಕೊಟ್ಟವರಿಗೆ, ಅಂದರೆ ಭತ್ತ ಕೊಟ್ಟ ರೈತರಿಗೆ ಮತ್ತು ದಲಾಲರಿಗೆ, ಕೊಡಬೇಕಾದ ಬಾಕಿ ಎಂಬ ಕಾಲಮ್ಮಿನಲ್ಲಿ ಸೊನ್ನೆ. ಗಿರಣಿಯವರೇ ಹೂಡಬೇಕಾದ ಮಾರ್ಜಿನ್ ಶೇ 25 ಕಳೆದರೆ 67.5 ಲಕ್ಷ. ಲಿಮಿಟ್ಟಿಗಿಂತ ಜಾಸ್ತಿಯೇ ಬಂತು. ಡಿಪಿ, ಅಂದರೆ ಸದ್ಯಕ್ಕೆ ಅವರು ತೆಗೆಯಬಹುದಾದ ಮೊತ್ತ, 60 ಲಕ್ಷ ಎಂದು ಸಿಸ್ಟಮ್ಮಿಗೆ ಹಾಕಿದರೆ ನಿನ್ನ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು.

ಆ ಸೊನ್ನೆಯ ಹತ್ತಿರ ನಿಲ್ಲು. ಸುಗ್ಗಿ ಮುಗಿದ ಹೊಸದರಲ್ಲಿ 36 ಲಕ್ಷದ ಭತ್ತ ಒಳಗೆ ಬಂದಿದೆ. ಹಾಗಾದರೆ ಅದರ ದುಡ್ಡು ಅಕೌಂಟಿನಿಂದ ಹೊರಗೆ ಹೋಗಿರಬೇಕು, ಅಲ್ವಾ? ಆ ತಿಂಗಳ ಡೆಬಿಟ್ ಒಂದೊಂದಾಗಿ ನೋಡು. ರೈತರಿಗೆ, ದಲಾಲಿ ಅಂಗಡಿಗಳಿಗೆ ಹೋದದ್ದು 16 ಲಕ್ಷ ಮಾತ್ರ ಅಂತಿಟ್ಟುಕೋ. ಉಳಿದ 20 ಲಕ್ಷದ ಭತ್ತ ಉದ್ರಿಯಲ್ಲಿ ಬಂದಿರಬಹುದು. ಮಾಲೀಕರನ್ನು ಕೇಳು, ಖರೀದಿ ಪುಸ್ತಕ ತರಿಸು. ಉದ್ರಿ ಹೌದಾದರೆ ಅದಕ್ಕೆ ನಾವು ಸಾಲ ಕೊಡುವ ಹಾಗಿಲ್ಲ, ಯಾಕೆಂದರೆ ಅದಕ್ಕೆ ರೈತ ಆಗಲೇ ಸಾಲ ಕೊಟ್ಟಿದ್ದಾನೆ. 90ರಲ್ಲಿ 20 ಕಳೆದರೆ 70. ಅದರಲ್ಲಿ ಶೇ 25 ಕಳೆದರೆ ಡಿಪಿ 52.5 ಲಕ್ಷ. ಕೊಡಬಾರದ 7.5 ಲಕ್ಷವನ್ನು ಆ ಒಂದು ಸೊನ್ನೆ ಕೊಡಿಸುತ್ತಿತ್ತು. ದುಡ್ಡಿಗಾಗಿ ಕಾಯುತ್ತಾ ಕೂತ ರೈತನೂ ನಿನ್ನ ಶಾಖೆಯ ಗಿರಾಕಿಯೇ ಇರಬಹುದು ಎಂಬುದು ನೆನಪಿರಲಿ.

ಮಾಲೀಕರೆಲ್ಲ ಬೇಕೆಂದೇ ಸೊನ್ನೆ ಬರೆಯುತ್ತಾರೆ ಎಂದು ತಿಳಿಯಬೇಡ. ಎಷ್ಟೋ ಕಡೆ ಸ್ಟೇಟ್‌ಮೆಂಟ್ ಬರೆಯುವುದು ಅವರ ಗುಮಾಸ್ತ. ಹೋದ ತಿಂಗಳದ್ದನ್ನೇ ನೋಡಿ ಈ ತಿಂಗಳದ್ದು ಬರೆಯುತ್ತಾನೆ. ಕೂತು ತಿಳಿಸಿ ಹೇಳಿದರೆ ಮುಂದಿನ ತಿಂಗಳು ಸರಿಯಾಗಿ ಬರುತ್ತದೆ. ಹೇಳಿದ ಮೇಲೂ ಸೊನ್ನೆಯೇ ಬಂದರೆ ಅದರ ಅರ್ಥ ಬೇರೆ.

ಇನ್ನು ಅಕ್ಕಿ. ಸರ್ಕಾರಿ ಲೆಕ್ಕದಲ್ಲಿ ನೂರು ಕೆಜಿ ಭತ್ತಕ್ಕೆ 67 ಕೆಜಿ ಅಕ್ಕಿ ಬರಬೇಕು. 1,200 ಕ್ವಿಂಟಾಲ್ ಅಕ್ಕಿ ಇದೆ ಅಂದರೆ ಸುಮಾರು 1,800 ಕ್ವಿಂಟಾಲ್ ಭತ್ತ ಗಿರಣಿಗೆ ಹಾಕಿರಬೇಕು. ಹಾಕಿದ್ದರೆ ಮೋಟರು ಓಡಿರಬೇಕು, ಕರೆಂಟ್ ಬಿಲ್ ಬಂದಿರಬೇಕು. ಆರು ತಿಂಗಳ ಬಿಲ್ ಕೇಳು. ಒಂದು ಕ್ವಿಂಟಾಲಿಗೆ ಆ ಗಿರಣಿ ಎಷ್ಟು ಯೂನಿಟ್ ಉಣ್ಣುತ್ತದೆ ಎಂದು ಅವರದ್ದೇ ಹಳೆಯ ತಿಂಗಳ ಲೆಕ್ಕದಿಂದ ತೆಗೆ. ಬೇರೆ ಗಿರಣಿಗೆ ಹೋಲಿಸಬೇಡ, ಯಂತ್ರ ಬೇರೆ ಇರುತ್ತದೆ. ಅಕ್ಕಿ ಏರಿ ಯೂನಿಟ್ ಇಳಿದಿದ್ದರೆ ಕೇಳಬೇಕಾದ ಪ್ರಶ್ನೆ ಸಿಕ್ಕಿತು. ಉತ್ತರ ಸಾಚಾ ಇರಲೂಬಹುದು. ಹೊರಗಿನಿಂದ ಅಕ್ಕಿಯನ್ನೇ ಕೊಂಡು ತಂದಿರಬಹುದು. ಹಾಗಾದರೆ ಬಿಲ್ ತೋರಿಸುತ್ತಾರೆ.

ಇಷ್ಟು ಮೇಜಿನ ಮೇಲೇ ಆಗುತ್ತದೆ. ಮುಂದಿನದಕ್ಕೆ ಗೋಡೌನಿಗೇ ಹೋಗಬೇಕು. ನಾನು ಇದನ್ನು ಕಲಿತ ಬಗೆ ನಿನಗೆ ಬರಬಾರದು, ಅದಕ್ಕೇ ಹೇಳುತ್ತೇನೆ.

ಬ್ಯಾಂಕಿನಲ್ಲಿ ನನ್ನ ನಾಲ್ಕನೇ ವರ್ಷ. ಒಂದು ಗಿರಣಿಯ ಇನ್‌ಸ್ಪೆಕ್ಷನ್ನಿಗೆ ಹೋದೆ. ಮಾಲೀಕರು ಒಳ್ಳೆಯ ಮಾತಿನವರು, ಚಹಾ ಬಂತು. ಗೋಡೌನಿನ ಬಾಗಿಲಲ್ಲಿ ನಿಂತು ಎಣಿಸಿದೆ. ಅಗಲಕ್ಕೆ ಹತ್ತು ಚೀಲ, ಎತ್ತರಕ್ಕೆ ಹತ್ತು. ಪಕ್ಕದಲ್ಲಿ ನಡೆದು ಉದ್ದ ಎಣಿಸಿದೆ, ಇಪ್ಪತ್ತು. ಗುಣಿಸಿದರೆ 2,000, ಸ್ಟೇಟ್‌ಮೆಂಟಿಗೆ ಸರಿಯಾಗಿ ಕೂತಿತು. ‘ಸ್ಟಾಕ್ ಪರಿಶೀಲಿಸಿದೆ, ತೃಪ್ತಿಕರ’ ಎಂದು ಒಂದು ಸಾಲು ಬರೆದೆ. ಏಳು ತಿಂಗಳಿಗೆ ಅಕೌಂಟ್ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಯಿತು. ಜಪ್ತಿಗೆ ಹೋದಾಗ ಹಮಾಲರು ಚೀಲ ಇಳಿಸತೊಡಗಿದರು. ಹೊರಗಿನ ಎರಡು ಸಾಲು ಭತ್ತ. ಒಳಗಿನದೆಲ್ಲ ಹೊಟ್ಟು. 75 ಕೆಜಿ ಇರಬೇಕಾದ ಚೀಲವನ್ನು ಒಬ್ಬ ಹುಡುಗ ಒಂದೇ ಕೈಯಲ್ಲಿ ಎಳೆದು ಹಾಕಿದ. ನನ್ನ ಮ್ಯಾನೇಜರ್ ಬೈಯಲಿಲ್ಲ. ‘ಮೇಲೆ ಹತ್ತಿದ್ದೆಯಾ?’ ಎಂದು ಕೇಳಿದರು ಅಷ್ಟೇ. ಹತ್ತಿರಲಿಲ್ಲ.

ಆವತ್ತಿನಿಂದ ನಿವೃತ್ತಿಯಾಗುವವರೆಗೂ ಹತ್ತಿದೆ. ನೀನೂ ಹತ್ತು. ಏಣಿ ತರಿಸು, ಮೇಲೆ ಹೋಗಿ ನಡುವಿನ ಚೀಲಗಳ ಮೇಲೆ ನಡೆ. ಭತ್ತ ತುಂಬಿದ ಚೀಲ ಕಾಲಿಗೆ ಗಟ್ಟಿಯಾಗಿ ಸಿಗುತ್ತದೆ, ಹೊಟ್ಟಿನದ್ದು ಹಾಸಿಗೆಯ ಹಾಗೆ ಒಳಗೆ ಹೋಗುತ್ತದೆ. ಕಾಳು ತೆಗೆದು ನೋಡುವ ಚೂಪು ಕೊಳವೆ ಗಿರಣಿಯಲ್ಲೇ ಇರುತ್ತದೆ. ನಡುವಿನ ನಾಲ್ಕಾರು ಚೀಲಕ್ಕೆ ಅದನ್ನು ಚುಚ್ಚಿಸಿ ಕಾಳನ್ನು ಅಂಗೈಗೆ ಹಾಕಿಸಿಕೋ. ಹೊಸ ಭತ್ತವೋ, ಹುಳ ಹಿಡಿದ ಹಳೆಯದೋ ಎಂದು ಅಲ್ಲೇ ತಿಳಿಯುತ್ತದೆ. ಹಳೆಯ ಮಾಲಿಗೆ ಹೊಸ ಬೆಲೆ ಹಾಕಿದ್ದರೆ ಅದೂ ಸಿಕ್ಕಿಬೀಳುತ್ತದೆ. ಒಂದೊಂದು ಸಲ ಹೇಳದೆ ಹೋಗು. ಹೊರಡುವ ಮೊದಲು ಹಮಾಲರ ಹತ್ತಿರ ಎರಡು ಮಾತಾಡು. ಈ ವಾರ ಎಷ್ಟು ಲೋಡು ಬಂತು, ಎಷ್ಟು ಹೋಯಿತು ಎಂದು ಅವರಿಗೆ ಬಾಯಿಪಾಠ ಇರುತ್ತದೆ, ಅವರ ಕೂಲಿ ಅದರ ಮೇಲೇ ತಾನೆ.

ಇದರ ಮಿತಿಯನ್ನೂ ಹೇಳಿಬಿಡುತ್ತೇನೆ. ಇನ್‌ಸ್ಪೆಕ್ಷನ್ ತೋರಿಸುವುದು ಆ ಒಂದು ದಿನವನ್ನು. ನೀನು ಹೋದ ಮಾರನೇ ದಿನ ಲಾರಿ ತುಂಬಿ ಕಳಿಸಿದರೆ ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಅಕೌಂಟ್ ಮಾತ್ರ. ಮಾಲು ಮಾರಿದ ದುಡ್ಡು ನಮ್ಮ ಸಿಸಿಗೇ ಬರುತ್ತಿದೆಯಾ ನೋಡು. ನಮ್ಮಲ್ಲಿ ಸ್ಟಾಕ್ ಇಳಿದಿದೆ, ಜಮಾ ಬಂದಿಲ್ಲ ಅಂದರೆ ಆ ದುಡ್ಡು ಬೇರೆ ಬ್ಯಾಂಕಿಗೆ ಹೋಗುತ್ತಿರಬಹುದು. ಮೂರು ತಿಂಗಳಿಗೊಮ್ಮೆ ಕೊನೆಯ ವಾರದಲ್ಲಿ ದುಂಡನೆಯ ಮೊತ್ತವೊಂದು ಬಂದು, ಎರಡು ದಿನ ಬಿಟ್ಟು ಅದೇ ಮೊತ್ತ ಅದೇ ಮನೆಯವರ ಇನ್ನೊಂದು ಫರ್ಮಿಗೆ ಹೋಗುತ್ತದೆಯಾ ನೋಡು. ಅದು ವ್ಯಾಪಾರದ ದುಡ್ಡಲ್ಲ, ಅಕೌಂಟ್ ಕೆಡಬಾರದು ಎಂದು ತಂದು ತೋರಿಸಿದ ದುಡ್ಡು. ಬಾಕಿ ಸತತ 90 ದಿನ ಲಿಮಿಟ್ ಅಥವಾ ಡಿಪಿಗಿಂತ ಮೇಲಿದ್ದರೆ ಎನ್‌ಪಿಎ. ಜಮಾ ಇಲ್ಲದೆ 90 ದಿನ ಕಳೆದರೂ, ಬಂದ ಜಮಾ ಆ ಅವಧಿಯ ಬಡ್ಡಿಗೂ ಸಾಲದಿದ್ದರೂ ಅಷ್ಟೇ. 90ನೇ ದಿನ ಎಚ್ಚರಾದರೆ ಏನೂ ಮಾಡಲಾಗದು. 31ನೇ ದಿನ, ಕೆಡುವ ಲಕ್ಷಣ ತೋರಿಸುವ ಅಕೌಂಟುಗಳ ಎಸ್‌ಎಂಎ ಪಟ್ಟಿಗೆ ಬಂದಾಗಲೇ ಗಿರಣಿಗೆ ಹೋಗಿ ಕೂತು ಮಾತಾಡಿದರೆ ಎಷ್ಟೋ ಅಕೌಂಟ್ ಉಳಿಯುತ್ತವೆ. ಗಿರಣಿಯೂ ಉಳಿಯುತ್ತದೆ, ಅಲ್ಲಿನ ಹಮಾಲರ ಕೂಲಿಯೂ.

ಈಗ ನಿನ್ನ ಭಯದ ಮಾತು. ಸಾಲ ಕೆಟ್ಟರೆ ಸ್ಟಾಫ್ ಅಕೌಂಟೆಬಿಲಿಟಿ ನೋಡುತ್ತಾರೆ, ನಿಜ. ನನ್ನನ್ನೂ ಕರೆದರು. ಅಲ್ಲಿ ನನ್ನನ್ನು ಹಿಡಿದದ್ದು ಸಾಲ ಕೆಟ್ಟದ್ದಕ್ಕಲ್ಲ, ಆ ‘ತೃಪ್ತಿಕರ’ ಎಂಬ ಪದಕ್ಕೆ. ಏನು ನೋಡಿದೆ, ಎಷ್ಟು ಎಣಿಸಿದೆ, ಯಾರು ತೋರಿಸಿದರು ಎಂದು ಕೇಳಿದಾಗ ಹೇಳಲು ಏನೂ ಇರಲಿಲ್ಲ. ಪ್ರಮೋಷನ್ ಮೂರು ವರ್ಷ ಹಿಂದೆ ಬಿತ್ತು. ಆಮೇಲೆ ನನ್ನ ಟಿಪ್ಪಣಿಗಳು ಹೀಗೆ ಇರುತ್ತಿದ್ದವು: ‘ಬೆಳಿಗ್ಗೆ 11ಕ್ಕೆ ಹೇಳದೆ ಹೋದೆ. ಮಾಲೀಕರ ಮಗ ಇದ್ದರು. ಭತ್ತ 10×18×10, ಅಂದರೆ 1,800 ಚೀಲ. ಸ್ಟೇಟ್‌ಮೆಂಟಿನಲ್ಲಿ 2,000. ಮೇಲೆ ಹತ್ತಿ ಆರು ಚೀಲ ಚುಚ್ಚಿಸಿದೆ, ಎಲ್ಲವೂ ಭತ್ತ. 200 ಚೀಲ ನಿನ್ನೆ ಗಿರಣಿಗೆ ಹಾಕಿದೆವು ಎಂದರು, ಮಿಲ್ಲಿಂಗ್ ಪುಸ್ತಕದಲ್ಲಿ ಇದೆ.’ ಇಂಥ ಟಿಪ್ಪಣಿ ಇದ್ದ ಅಕೌಂಟುಗಳೂ ಮುಂದೆ ಕೆಟ್ಟವು. ಬರ ಬಂತು, ಅಕ್ಕಿಯ ಬೆಲೆ ಬಿತ್ತು. ಆದರೆ ಆ ಸಾಲಗಳಿಗೆ ನನ್ನನ್ನು ಯಾರೂ ಮತ್ತೆ ಕರೆಯಲಿಲ್ಲ.

ಮೇಲಿನವರು ‘ಸುಮ್ನೆ ಡಿಪಿ 60 ಹಾಕಿಬಿಡು’ ಎಂದರೆ ಜಗಳ ಬೇಡ. ‘ಸರ್, ಲೆಕ್ಕ 52.5 ಬರುತ್ತಿದೆ, ಫೈಲಿನಲ್ಲಿ ಬರೆದಿದ್ದೇನೆ, ನೀವು ನೋಡಿ ಆದೇಶ ಬರೆಯಿರಿ’ ಎಂದು ಮುಂದಿಡು. ಬರೆದು ಕೊಟ್ಟರೆ ಅದು ಅವರ ತೀರ್ಮಾನ. ಹೆಚ್ಚಿನವರು ಬರೆಯುವುದಿಲ್ಲ, ನಿನ್ನ ಲೆಕ್ಕವೇ ಉಳಿಯುತ್ತದೆ.

ಇನ್ನೊಂದು ಮಾತು. ಮೂರು ವರ್ಷಕ್ಕೆ ಟ್ರಾನ್ಸ್‌ಫರ್ ಆಗುತ್ತದೆ. ನೀನು ಕೊಟ್ಟ ಸಾಲ ಏನಾಯಿತು ಎಂದು ನೋಡುವಷ್ಟರಲ್ಲಿ ನೀನು ಬೇರೆ ಊರಿನಲ್ಲಿರುತ್ತೀಯ. ಹಾಗಾಗಿ ಕೆಟ್ಟ ಅಕೌಂಟುಗಳ ಹಳೆಯ ಫೈಲನ್ನು ಓದುವುದೇ ದಾರಿ. ಸೋಮವಾರ ಮ್ಯಾನೇಜರ್ ಹತ್ತಿರ ಅಂಥ ಒಂದು ಗಿರಣಿಯ ಫೈಲ್ ಕೇಳಿ ತಗೋ. ಕೊನೆಯಿಂದ ಹಿಂದಕ್ಕೆ ಓದು. ಜಮಾ ಯಾವ ತಿಂಗಳು ಕಡಿಮೆಯಾಯಿತು, ಆ ತಿಂಗಳ ಇನ್‌ಸ್ಪೆಕ್ಷನ್ ಟಿಪ್ಪಣಿಯಲ್ಲಿ ಏನು ಬರೆದಿದೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡು. ಗಿರಾಕಿಯ ಹೆಸರು, ವಿವರ ನನಗೆ ಬೇಡ. ಎಲ್ಲಿ ಎಡವಿದ್ದರು ಎಂಬುದನ್ನು ಮಾತ್ರ ಭಾನುವಾರ ಫೋನ್ ಮಾಡಿ ಹೇಳು. ಮೊದಲ ಇನ್‌ಸ್ಪೆಕ್ಷನ್ನಿಗೆ ಹೋಗುವ ದಿನ ಚಪ್ಪಲಿ ಬೇಡ, ಶೂ ಹಾಕಿಕೊಂಡು ಹೋಗು. ಚೀಲದ ಮೇಲೆ ಕಾಲು ಜಾರುತ್ತದೆ.

– ನಿನ್ನ ಅಣ್ಣ