ಲೇಸರ್‌ಗೆ ಸನ್‌ಬೋರ್ಡ್ ಇಡುವ ಮೊದಲು ತಾಮ್ರದ ತಂತಿ ಕಾಯಿಸಿ ನೋಡಿ

"ಅಣ್ಣಾರ, ಹಾವೇರಿಯಿಂದ. 60 ವ್ಯಾಟಿನ ಸಿಓ2 ಲೇಸರ್ ಹೊಸದಾಗಿ ತಂದೀನಿ. ಅಂಗಡಿಯವ 5 ಎಂಎಂ ಬಿಳಿ ಸನ್‌ಬೋರ್ಡ್ ಕೊಟ್ಟು 'ಇದೂ ಅಕ್ರಿಲಿಕ್ ಇದ್ದಂಗ' ಅಂದಾನ. ಮದುವಿ ಹೆಸರಿನ ಅಕ್ಷರ ಕಟ್ ಮಾಡಬೇಕು. ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಐತಿ. ನಡೀತದ?"

ಬೇಡ ರೀ. ಆ ಶೀಟನ್ನು ಸದ್ಯಕ್ಕೆ ಮಷೀನ್ ಇರುವ ಕೋಣೆಯಿಂದಲೇ ಹೊರಗಿಡಿ. ಸನ್‌ಬೋರ್ಡ್ ಅನ್ನೋದು ಒಂದು ವಸ್ತುವಿನ ಹೆಸರಲ್ಲ, ಅಂಗಡಿಯ ರೂಢಿ ಮಾತು. ನಮ್ಮ ಕಡೆ ಆ ಹೆಸರಿನಲ್ಲಿ ಜಾಸ್ತಿ ಸಿಗುವುದು ಪಿವಿಸಿ ಫೋಮ್ ಶೀಟ್. ಅದೇ ಹೆಸರಿನಲ್ಲಿ ಎರಡು ಕಾಗದದ ನಡುವೆ ಥರ್ಮಾಕೋಲ್ ಥರದ ಫೋಮ್ ಇರುವ ಹಗುರ ಬೋರ್ಡನ್ನೂ ಕೊಡುತ್ತಾರೆ. ಎರಡೂ ಬಿಳಿ, ಎರಡೂ 5 ಎಂಎಂ. ಎರಡನೆಯದು ಲೇಸರ್ ತಾಗಿದರೆ ಕರಗಿ ಬೇಗ ಬೆಂಕಿ ಹಿಡಿಯುತ್ತದೆ. ಮೊದಲನೆಯದು ವಿಷ ಬಿಡುತ್ತದೆ. ಎರಡರಲ್ಲಿ ಯಾವುದೂ ಅಕ್ರಿಲಿಕ್ ಅಲ್ಲ.

ಈ ಪ್ರಶ್ನೆಯ ಕೆಳಗೆ ಒಬ್ಬರು "ನಾಲ್ಕು ವರ್ಷದಿಂದ ಸನ್‌ಬೋರ್ಡ್ ಕಟ್ ಮಾಡ್ತೀವಿ, ಏನೂ ಆಗಿಲ್ಲ" ಅಂತ ಬರೆದಿದ್ದಾರೆ. ಅವರನ್ನು ಒಂದು ಮಾತು ಕೇಳಬೇಕು. ಲೇಸರ್‌ನಲ್ಲೋ, ಸಿಎನ್‌ಸಿ ರೌಟರ್‌ನಲ್ಲೋ? ಬೋರ್ಡ್ ಮಾಡುವವರು ಈ ಶೀಟನ್ನು ರೌಟರ್‌ನಲ್ಲಿ ಕತ್ತರಿಸುವುದೇ ಜಾಸ್ತಿ. ಅಲ್ಲಿ ಬ್ಲೇಡು ತಿರುಗಿ ಪುಡಿ ಬೀಳುತ್ತದೆ, ಶೀಟು ಸುಡುವುದಿಲ್ಲ. ಲೇಸರ್ ಕತ್ತರಿಸುವುದಿಲ್ಲ, ಸುಟ್ಟು ಹೊಗೆ ಮಾಡುತ್ತದೆ. ಇಡೀ ತೊಂದರೆ ಇರುವುದು ಅಲ್ಲೇ.

ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಬಿಸಿಯಾದಾಗ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬರುತ್ತದೆ. ನೀರಿನ ಪಸೆ ಸಿಕ್ಕಲ್ಲಿ ಅದು ಆಸಿಡ್ ಆಗುತ್ತದೆ. ಬಚ್ಚಲು ತೊಳೆಯಲು ತರುತ್ತೇವಲ್ಲ, ಆ ಆಸಿಡ್ಡೇ. ಪಸೆ ಎಲ್ಲಿರುತ್ತದೆ? ಕಣ್ಣಲ್ಲಿ, ಗಂಟಲಲ್ಲಿ, ಶ್ವಾಸಕೋಶದಲ್ಲಿ. ಮಳೆಗಾಲದಲ್ಲಾದರೆ ಮಷೀನಿನ ರೈಲಿನ ಮೇಲೂ.

ನಿಮ್ಮ ಕೆಲಸಕ್ಕೇ ಲೆಕ್ಕ ಹಾಕೋಣ. ಗಂಡು ಹೆಣ್ಣಿನ ಹೆಸರು ಸೇರಿ 12 ಅಕ್ಷರ ಅಂದುಕೊಳ್ಳಿ. ಕನ್ನಡದ ಅಕ್ಷರ ಗುಂಡಗೆ, ಮೇಲೆ ತಲೆಕಟ್ಟು, ಕೆಳಗೆ ಒತ್ತು. ಆರು ಇಂಚಿನ ಒಂದು ಅಕ್ಷರದ ಅಂಚು ಸುತ್ತಿದರೆ ಸುಮಾರು 80 ಸೆಂಟಿಮೀಟರ್ ಆಗುತ್ತದೆ. ಒಟ್ಟು ಹತ್ತಿರಹತ್ತಿರ 10 ಮೀಟರ್. ಲೇಸರ್ ಸುಡುವ ಗೆರೆಯ ಅಗಲ 0.2 ಎಂಎಂ ಹಿಡಿದರೆ, 5 ಎಂಎಂ ಶೀಟಿನಲ್ಲಿ ಐದೂವರೆ ಗ್ರಾಂನಷ್ಟು ಫೋಮ್ ಹೊಗೆಯಾಗಿ ಹೋಗುತ್ತದೆ. ಅದೆಲ್ಲ ಶುದ್ಧ ಪಿವಿಸಿ ಆಗಿದ್ದರೆ ಅನಿಲ ಸುಮಾರು 3 ಗ್ರಾಂ. ಶೀಟಿನಲ್ಲಿ ಸುಣ್ಣದಕಲ್ಲಿನ ಪುಡಿ ಬೆರೆಸಿರುತ್ತಾರೆ, ಅದು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಅರ್ಧಕ್ಕೆ ಇಳಿಸಿ 1.5 ಗ್ರಾಂ ಅನ್ನೋಣ. 10x12 ಅಡಿ ಕೋಣೆ, 10 ಅಡಿ ಎತ್ತರ, ಗಾಳಿ 34 ಘನ ಮೀಟರ್. ಫ್ಯಾನ್ ಇಲ್ಲದಿದ್ದರೆ ಪ್ರತಿ ಘನ ಮೀಟರಿಗೆ 44 ಮಿಲಿಗ್ರಾಂ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ಯಾವ ಕ್ಷಣಕ್ಕೂ ದಾಟಬಾರದು ಅಂತ ಇರುವ ಮಿತಿ ಸುಮಾರು 7 ಮಿಲಿಗ್ರಾಂ. ಒಂದು ಜೋಡಿ ಹೆಸರಿಗೇ ಆರು ಪಟ್ಟು ಆಯಿತು.

"ಫ್ಯಾನ್ ಐತಿ" ಅಂದಿರಿ. ಒಳ್ಳೆಯ ಫ್ಯಾನಾದರೆ ಹೊಗೆಯ ಬಹುಪಾಲು ಹೊರಗೆ ಹೋಗುತ್ತದೆ, ನಿಜ. ಆದರೆ ಹೋಗುವ ಮೊದಲು ಲೆನ್ಸು, ರೈಲು, ಬೇರಿಂಗ್ ಎಲ್ಲದರ ಮೇಲೆ ಹಾದು ಹೋಗುತ್ತದೆ. ಹೊರಗೆ ಬಂದದ್ದು ಯಾರ ಮನೆ ಕಿಟಕಿಗೆ ಹೋಗುತ್ತದೆ ಅಂತಲೂ ನೋಡಬೇಕಲ್ವಾ. ಎನ್95 ಮಾಸ್ಕ್ ಧೂಳು ತಡೆಯುತ್ತದೆ, ಅನಿಲ ತಡೆಯುವುದಿಲ್ಲ. ಅದನ್ನು ನಂಬಿ ಸುಮ್ನೆ ನಿಲ್ಲಬೇಡಿ.

ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನ ಚಿಕ್ಕ ಶೆಡ್ ಇದ್ದಾಗ, ಒಂದು ಕಡೆ ತುಂಡು ಶೀಟುಗಳ ರಾಶಿಯಲ್ಲಿ ಕಪ್ಪು 3 ಎಂಎಂ ಶೀಟು ಅಗ್ಗಕ್ಕೆ ಸಿಕ್ಕಿತು. ಅಕ್ರಿಲಿಕ್ ಅಂದರು, ತಂದೆ. ಕಟ್ ಮಾಡುವಾಗಲೇ ಅಂಚು ಬೇರೆ ಥರ ಬಂತು. ಅಕ್ರಿಲಿಕ್ ಅಂಚು ಗಾಜಿನ ಹಾಗೆ ಹೊಳೆಯುತ್ತದೆ. ಇದು ಕಂದು ಬಣ್ಣಕ್ಕೆ ತಿರುಗಿ, ಅಂಟಂಟಾಗಿ, ಸುಟ್ಟ ಬೆಲ್ಲದ ಪಾಕದ ಹಾಗಿತ್ತು. ವಾಸನೆ ಮೂಗಿಗೆ ಚುಚ್ಚಿತು. "ಹೊಸ ಶೀಟಲ್ವಾ" ಅಂತ 20 ನಿಮಿಷ ಓಡಿಸಿದೆ. ರಾತ್ರಿ ಇಡೀ ಕೆಮ್ಮು. ವಾರದೊಳಗೆ ರೈಲಿನ ಮೇಲೆ ಕಿತ್ತಳೆ ಬಣ್ಣದ ತುಕ್ಕು, ಸ್ಕ್ರೂಗಳ ತಲೆಗೂ ತುಕ್ಕು, ಲೆನ್ಸ್ ಮಂಜು ಹಿಡಿದ ಹಾಗೆ. ಮೊದಲು ಒಂದೇ ಸಲಕ್ಕೆ ಕಟ್ ಆಗುತ್ತಿದ್ದ ಎಂಡಿಎಫ್ ಎರಡು ಸಲ ಓಡಿಸಿದರೂ ಬಿಡಲಿಲ್ಲ. ಟ್ಯೂಬ್ ಹೋಯಿತು ಅಂದುಕೊಂಡೆ, ಹೋಗಿದ್ದು ಲೆನ್ಸ್.

ಇದಾದ ಮೇಲೆ ಧಾರವಾಡದಲ್ಲಿ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ನನ್ನ ಷಡ್ಡಕ ತಾಮ್ರದ ತಂತಿಯ ಪರೀಕ್ಷೆ ಹೇಳಿಕೊಟ್ಟ. ಈಗ ಗುರುತಿಲ್ಲದ ಯಾವ ಶೀಟು ಬಂದರೂ ಮೊದಲು ಇದನ್ನೇ ಮಾಡುತ್ತೇನೆ.

ಮನೆ ವೈರಿಂಗಿನ ತಂತಿ ಒಂದು ಗೇಣು ತೊಗೊಳ್ಳಿ. ಒಂದೇ ದಪ್ಪ ಎಳೆ ಇದ್ದರೆ ಒಳ್ಳೆಯದು. ಮೇಲಿನ ಪ್ಲಾಸ್ಟಿಕ್ ಪೂರ್ತಿ ಸುಲಿಯಿರಿ, ಸುಲಿದದ್ದನ್ನು ಬಿಸಾಡಬೇಡಿ. ತಂತಿಯ ತುದಿಯನ್ನು ಮರಳು ಕಾಗದದಿಂದ ಉಜ್ಜಿ, ಆಮೇಲೆ ಬೆರಳು ಮುಟ್ಟಿಸಬೇಡಿ. ಬೆವರಿನ ಉಪ್ಪೂ ಬಣ್ಣ ಕೆಡಿಸುತ್ತದೆ. ಇಕ್ಕಳದಲ್ಲಿ ಹಿಡಿದು, ಅಂಗಳದಲ್ಲಿ ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರುವ ಹಾಗೆ ನಿಂತು, ಗ್ಯಾಸ್ ಟಾರ್ಚಿನ ನೀಲಿ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ. ಮೊದಮೊದಲು ಸ್ವಲ್ಪ ಹಸಿರು ಕಂಡರೆ ಅದು ತಂತಿಯ ಮೇಲಿನ ಕೊಳೆ. ಹಸಿರು ಪೂರ್ತಿ ಹೋಗುವ ತನಕ ಸುಡಿ. ಈಗ ಬಿಸಿ ತುದಿಯನ್ನು ಶೀಟಿನ ಮೂಲೆಗೆ ಒತ್ತಿ. ಸಾಸಿವೆಯಷ್ಟು ಅಂಟಿಕೊಂಡರೆ ಸಾಕು. ಮತ್ತೆ ಜ್ವಾಲೆಗೆ ಹಿಡಿಯಿರಿ. ಎದ್ದು ಕಾಣುವ ಹಸಿರು ಬಂದರೆ ಕ್ಲೋರಿನ್ ಇದೆ ಅಂತ ತಿಳಿದುಕೊಳ್ಳಿ, ಆ ಶೀಟು ಲೇಸರ್‌ಗೆ ಬೇಡ. ಬರೀ ಹಳದಿ ಜ್ವಾಲೆ ಬಂದು ನಿಂತರೆ ಕ್ಲೋರಿನ್ ಇಲ್ಲ.

ಹಸಿರು ಹೇಗಿರುತ್ತದೆ ಅಂತ ಗೊತ್ತಿಲ್ಲದಿದ್ದರೆ ಸುಲಿದ ಆ ಪ್ಲಾಸ್ಟಿಕ್ ಇದೆಯಲ್ಲ, ಸಾಮಾನ್ಯ ಮನೆ ತಂತಿಯಲ್ಲಿ ಅದೂ ಪಿವಿಸಿಯೇ. ಮೊದಲು ಅದನ್ನು ಸುಟ್ಟು ಬಣ್ಣ ನೋಡಿಕೊಳ್ಳಿ. ಆಮೇಲೆ ಗ್ಯಾರಂಟಿ ಅಕ್ರಿಲಿಕ್ ತುಂಡು. ಮೂರನೆಯದಾಗಿ ನಿಮ್ಮ ಶೀಟು. ಪ್ರತಿ ಸಲ ನಡುವೆ ತಂತಿ ಕಾಯಿಸಿ ಹಸಿರು ತೆಗೆಯಬೇಕು. ಈ ಹೊಗೆಯೂ ಒಳ್ಳೆಯದಲ್ಲ, ಮೂಗು ಹತ್ತಿರ ತರಬೇಡಿ, ದೊಡ್ಡ ತುಂಡು ಸುಡಬೇಡಿ.

ಉಪ್ಪುನೀರಿನಲ್ಲಿ ತೇಲಿದರೆ ಅಕ್ರಿಲಿಕ್, ಮುಳುಗಿದರೆ ಪಿವಿಸಿ ಅಂತ ಬರೆದವರ ಮಾತು ಅರ್ಧ ಸರಿ. ಉಪ್ಪು ಕರಗದಷ್ಟು ಹಾಕಿದ ನೀರಿನಲ್ಲಿ ಅಕ್ರಿಲಿಕ್ ತುಂಡು ಕಷ್ಟಪಟ್ಟು ತೇಲುತ್ತದೆ, ಗಟ್ಟಿ ಪಿವಿಸಿ ಮುಳುಗುತ್ತದೆ. ಆದರೆ ಇಲ್ಲಿ ಕೇಳಿರುವುದು ಫೋಮ್ ಶೀಟು. ಅದರ ತುಂಬಾ ಗಾಳಿ ಗುಳ್ಳೆ, ಸಾದಾ ನೀರಿನಲ್ಲೂ ತೇಲುತ್ತದೆ. "ತೇಲಿತು, ಅಕ್ರಿಲಿಕ್" ಅಂದರೆ ಮುಗಿಯಿತು ಕತೆ. ಫೈಬರ್ ಲೇಸರ್ ತೊಗೊಂಡರೆ ಸ್ಟೀಲೂ ಕಟ್ ಆಗುತ್ತದೆ ಅಂತ ಬರೆದವರಿಗೆ: ಪ್ರಶ್ನೆ ಮಷೀನಿನದಲ್ಲ. ಹೊಗೆ ಬರುವುದು ಶೀಟಿನಿಂದ.

ತಂತಿ ಪರೀಕ್ಷೆಗೂ ಒಂದು ಮಿತಿ ಇದೆ. ಅದು ಕ್ಲೋರಿನ್ ಒಂದಕ್ಕೇ ಉತ್ತರ ಹೇಳುತ್ತದೆ ಅಂತಲೇ ಇಟ್ಟುಕೊಳ್ಳಿ. ಎಬಿಎಸ್ ಪ್ಲಾಸ್ಟಿಕ್ ಹಸಿರು ತೋರಿಸದಿರಬಹುದು, ಆದರೆ ಅದರ ಹೊಗೆಯಲ್ಲಿ ಸೈನೈಡ್ ಅನಿಲದ ಅಂಶ ಇರುತ್ತದೆ. ಪಾಲಿಕಾರ್ಬನೇಟ್ ಕತ್ತರಿಸುವುದಕ್ಕಿಂತ ಸುಟ್ಟು ಕಂದಾಗುವುದೇ ಜಾಸ್ತಿ. ಟೆಫ್ಲಾನ್‌ನಲ್ಲಿ ಇರುವುದು ಫ್ಲೋರಿನ್, ಅದನ್ನು ಈ ತಂತಿ ಹಿಡಿಯುವುದೇ ಇಲ್ಲ. ಹಾಗಾಗಿ ಹಸಿರು ಬಂದರೆ ಖಂಡಿತ ಬೇಡ. ಬರದಿದ್ದರೆ ಶೀಟಿನ ಹೆಸರು ಗೊತ್ತಾದ ಮೇಲೆ ಮಾತ್ರ.

ನಾನು ಕಣ್ಣು ಮುಚ್ಚಿ ಇಡುವುದು ಕಾಗದ, ರಟ್ಟು, ಹತ್ತಿ ಬಟ್ಟೆ, ಬಿಲ್ ಸಮೇತ ತಂದ ಅಕ್ರಿಲಿಕ್. ಎಂಡಿಎಫ್, ಪ್ಲೈವುಡ್ ಕೂಡ ಕಟ್ ಮಾಡುತ್ತೇನೆ, ಆದರೆ ಅವುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಬರುತ್ತದೆ, ಕಣ್ಣು ಉರಿಯುತ್ತದೆ. ಡಕ್ಟ್ ಕಿಟಕಿಯ ಹೊರಗೆ ಇರಲೇಬೇಕು. ಮೇಲೆ ಹೊಳೆಯುವ ಫಿಲ್ಮ್ ಅಂಟಿಸಿದ ಎಂಡಿಎಫ್ ಆದರೆ ಆ ಫಿಲ್ಮನ್ನು ಬೇರೆ ಕಿತ್ತು ತಂತಿಗೆ ತಾಗಿಸಿ, ಎಷ್ಟೋ ಸಲ ಅದು ಪಿವಿಸಿ. ವಿನೈಲ್ ಸ್ಟಿಕ್ಕರ್, ಫ್ಲೆಕ್ಸ್ ಬ್ಯಾನರ್, ಡಬ್ಲ್ಯೂಪಿಸಿ ಬೋರ್ಡ್ ನಾನು ಪರೀಕ್ಷೆಯನ್ನೂ ಮಾಡುವುದಿಲ್ಲ, ನೇರ ಬೇಡ ಅನ್ನುತ್ತೇನೆ. ಅಕ್ರಿಲಿಕ್ ಓಡುವಾಗ ಮಷೀನ್ ಬಿಟ್ಟು ಚಹಾಕ್ಕೆ ಹೋಗಬೇಡಿ, ಅದು ಬೆಂಕಿ ಹಿಡಿಯುತ್ತದೆ.

ಈಗಾಗಲೇ ಒಂದೆರಡು ಅಕ್ಷರ ಕಟ್ ಮಾಡಿ ನೋಡಿದ್ದರೆ, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಮಷೀನಿನ ಪ್ಲಗ್ ತೆಗೆದು ರೈಲು ಮತ್ತು ಲೋಹದ ಭಾಗ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ, ಕೊನೆಗೆ ಎಣ್ಣೆ. ಲೆನ್ಸಿಗೆ ಸೋಡಾ ಬೇಡ, ಐಸೊಪ್ರೊಪೈಲ್ ಆಲ್ಕೋಹಾಲ್ ಮಾತ್ರ. ಹೊಗೆ ಕುಡಿದು ಎದೆ ಬಿಗಿದಿದ್ದರೆ "ಸಂಜೆ ಹೊತ್ತಿಗೆ ಸರಿಯಾಗತ್ತೆ" ಅಂತ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಕೆಲವು ತಾಸು ಬಿಟ್ಟು ಉಸಿರಾಟ ಕೆಡುವುದುಂಟು.

ಮದುವೆ ಬೋರ್ಡಿಗೆ 3 ಎಂಎಂ ಬಿಳಿ ಅಕ್ರಿಲಿಕ್ ತೊಗೊಳ್ಳಿ. ದಪ್ಪ ಅಕ್ಷರವೇ ಬೇಕು ಅಂದರೆ ಎಂಡಿಎಫ್ ಕಟ್ ಮಾಡಿ ಬಿಳಿ ಬಣ್ಣ ಹೊಡೆಯಿರಿ. ತಂದ ಸನ್‌ಬೋರ್ಡ್ ವ್ಯರ್ಥವೇನಲ್ಲ, ರೌಟರ್ ಇರುವವರಿಗೆ ಕೊಟ್ಟು ಕೊರೆಸಿಕೊಳ್ಳಿ.

ಪರ್ಸಿಗೆ ರೆಕ್ಸಿನ್ ಲೇಸರ್‌ನಲ್ಲಿ ಕಟ್ ಮಾಡಬಹುದಾ ಅಂತ ಗದಗದಿಂದ ಕೇಳಿದ ಅಕ್ಕಾರ, ನಿಮ್ಮದು ಬೇರೆ ಪ್ರಶ್ನೆ, ಆದರೆ ಹತ್ತಿರದ್ದೇ. ನೀವು ಕಳಿಸಿದ ತುಂಡಿನ ಬಟ್ಟೆಯ ಭಾಗ ಹಸಿರು ತೋರಿಸಲಿಲ್ಲ, ಮೇಲಿನ ನೇರಳೆ ಪದರ ತೋರಿಸಿತು. ರೆಕ್ಸಿನ್ ಕೊಟ್ಟವರು ಇದು ಪಿಯು, ಅಂದರೆ ಪಾಲಿಯುರೆಥೇನ್, ಪಿವಿಸಿ ಅಲ್ಲ ಅನ್ನುತ್ತಿದ್ದಾರೆ. ಬಣ್ಣದಲ್ಲಿ ಏನಾದರೂ ಇರಬಹುದು ಅಂತ ಷಡ್ಡಕನ ಅನುಮಾನ, ನಾನು ಪಿವಿಸಿಯೇ ಅನ್ನುತ್ತೇನೆ. ಪಿಯು ಆದರೂ ಅದರ ಹೊಗೆ ಬೇರೆ ವಿಷ. ಸದ್ಯಕ್ಕೆ ಕತ್ತರಿಯಲ್ಲೇ ಕತ್ತರಿಸಿ. ಅದೇ ಶೀಟಿನ ಬಣ್ಣ ಇಲ್ಲದ ತುಂಡು ಸಿಕ್ಕರೆ ಕಳಿಸಿ, ಮತ್ತೊಮ್ಮೆ ನೋಡೋಣ.

ಹಾವೇರಿಯವರು ತಂತಿ ಪರೀಕ್ಷೆಯನ್ನು ಮಧ್ಯಾಹ್ನದ ಬಿಸಿಲಲ್ಲಿ ಮಾಡಬೇಡಿ, ಹಸಿರು ಕಾಣುವುದಿಲ್ಲ. ಹೊತ್ತು ಮುಳುಗಿದ ಮೇಲೆ ಮಾಡಿ, ಮೂರೂ ಜ್ವಾಲೆಯ ಫೋಟೋ ಇಲ್ಲೇ ಹಾಕಿ.